36 ಸರಿ, ಅಂಕ 30

“ಸರ್, ತಾರ್ಕಿಕ ಪರೀಕ್ಷೆಯ 60 ಪ್ರಶ್ನೆಗಳಲ್ಲಿ ಮಗಳ 36 ಉತ್ತರ ಸರಿ, 18 ತಪ್ಪು. ಅಂಕ 30 ಮಾತ್ರ ಏಕೆ? ಅವಳಿಗೆ ತರ್ಕ ಕಡಿಮೆಯೇ?”

ನಮಸ್ಕಾರ ಅಮ್ಮ. ತುಮಕೂರಿನಲ್ಲಿ ಇದನ್ನೇ ಕಲಿಸುತ್ತೇನೆ. ಒಂದು ತಪ್ಪಿಗೆ ಮೂರನೇ ಒಂದು ಅಂಕ ಕಳೆಯುತ್ತಾರೆ. 18 ತಪ್ಪಿಗೆ 6 ಹೋಯಿತು. ನಾಲ್ಕು ಆಯ್ಕೆಗಳಿರುವಾಗ ಕಣ್ಣುಮುಚ್ಚಿ ಗುರುತಿಸಿದರೆ ಸರಾಸರಿ ಲಾಭ ಸೊನ್ನೆಯಾಗಲೆಂದೇ ಈ ಲೆಕ್ಕ.

ನೀವು ಹಾಕಿರುವ ಉತ್ತರ ಪತ್ರಿಕೆ ನೋಡಿದೆ. ಕೊನೆಯ 15ರಲ್ಲಿ 4 ಸರಿ, 11 ತಪ್ಪು. ಪಕ್ಕದಲ್ಲಿ ಒಂದು ಗೀರೂ ಇಲ್ಲ. ಅದು ಊಹೆ, ಅದರಿಂದ ಸಿಕ್ಕಿದ್ದು ಅರ್ಧ ಅಂಕವೂ ಅಲ್ಲ. ಆದರೆ ಮೊದಲ 45ರಲ್ಲಿ 32 ಸರಿ! ದಿಕ್ಕಿನ ಪ್ರಶ್ನೆಗಳಿಗೆ ಎಷ್ಟು ಅಚ್ಚುಕಟ್ಟಾಗಿ ಬಾಣ ಎಳೆದಿದ್ದಾಳೆ. ಕೊರತೆ ಸಮಯದ್ದು, ತರ್ಕದ್ದಲ್ಲ. ಮುಂದಿನ ಬಾರಿ ಗಡಿಯಾರ ಇಟ್ಟು 15 ಪ್ರಶ್ನೆಗಳನ್ನಷ್ಟೇ ಮಾಡಿಸಿ, ಯಾವ ಬಗೆಯ ಪ್ರಶ್ನೆಯಲ್ಲಿ ನಿಲ್ಲುತ್ತಾಳೆಂದು ಬರೆದಿಡಿ.