ನಿಧಾನವಾಗಿ ಏರುವ ವೋಲ್ಟೇಜ್ ಮತ್ತು ರೀಸೆಟ್

“ಸೌರಫಲಕದಿಂದ ಸೂಪರ್ ಕೆಪಾಸಿಟರ್ ತುಂಬಿಸಿಕೊಳ್ಳುವ ನನ್ನ ಎಟಿಮೆಗಾ328ಪಿ (8 ಮೆಗಾಹರ್ಟ್ಸ್) ಬೆಳಿಗ್ಗೆ ಶುರುವಾಗುವುದಿಲ್ಲ, ರೀಸೆಟ್ ಒತ್ತಿದರೆ ಸರಿಹೋಗುತ್ತದೆ. ರೀಸೆಟ್ ಪಿನ್ನಿಗೆ 10 ಕಿಲೋಓಮ್, 100 ನ್ಯಾನೋಫ್ಯಾರಡ್ ಹಾಕಿದ್ದೇನೆ. ಏನು ತಪ್ಪು?”

ಆ ರೆಸಿಸ್ಟರ್-ಕೆಪಾಸಿಟರ್ ಜೋಡಿಯ ಕಾಲಾಂಕ 1 ಮಿಲಿಸೆಕೆಂಡ್ ಮಾತ್ರ. ವೋಲ್ಟೇಜ್ ನಿಮಿಷಗಟ್ಟಲೆ ಏರುವಾಗ ರೀಸೆಟ್ ಪಿನ್ ಅದರ ಜೊತೆಜೊತೆಗೇ ಏರುವುದರಿಂದ ಚಿಪ್ಪನ್ನು ಹಿಡಿದಿಡುವ ಕೆಲಸ ನಡೆಯುವುದೇ ಇಲ್ಲ. ಒಳಗಿನ ಪವರ್-ಆನ್ ರೀಸೆಟ್ ಸುಮಾರು 1.4 ವೋಲ್ಟಿನಲ್ಲೇ ಚಿಪ್ಪನ್ನು ಬಿಟ್ಟುಬಿಡುತ್ತದೆ. ಅನಂತರದ ವಿಳಂಬ ಹೆಚ್ಚೆಂದರೆ 65 ಮಿಲಿಸೆಕೆಂಡ್ ಆಗಿದ್ದು, ಅಷ್ಟರಲ್ಲಿ ವೋಲ್ಟೇಜ್ ಹೆಚ್ಚೇನೂ ಏರಿರುವುದಿಲ್ಲ. 8 ಮೆಗಾಹರ್ಟ್ಸ್‌ಗೆ ಕನಿಷ್ಠ 2.4 ವೋಲ್ಟ್ ಬೇಕಾಗಿರುವಾಗ, ಅದಕ್ಕೂ ಮೊದಲೇ ಓಡತೊಡಗಿದ ಚಿಪ್ ಸೂಚನೆಗಳನ್ನು ತಪ್ಪಾಗಿ ಓದಿ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಇಇಪ್ರಾಮ್ ಕೆಡುವ ಅಪಾಯವೂ ಇದೆ. ಕೆಪಾಸಿಟರ್ ದೊಡ್ಡದು ಮಾಡುವುದು ಪರಿಹಾರವಲ್ಲ.

ವೋಲ್ಟೇಜ್ ಒಂದು ಮಿತಿಗಿಂತ ಕೆಳಗಿರುವಷ್ಟು ಹೊತ್ತೂ ಚಿಪ್ಪನ್ನು ರೀಸೆಟ್‌ನಲ್ಲಿ ಹಿಡಿದಿಡುವ ಬ್ರೌನ್-ಔಟ್ ಪತ್ತೆ, ಕಾರ್ಖಾನೆಯಿಂದ ಬರುವಾಗ ಈ ಚಿಪ್ಪಿನಲ್ಲಿ ಬಂದ್ ಆಗಿರುತ್ತದೆ. ಅದನ್ನು 2.7 ವೋಲ್ಟಿಗೆ ಇಡಿ:

```
avrdude -c usbasp -p m328p -U efuse:w:0xFD:m
```

ಆದರೆ ಇದು ಚಿಪ್ಪನ್ನು ಹಿಡಿಯುವ ಮತ್ತು ಬಿಡುವ ವೋಲ್ಟೇಜ್‌ಗಳ ಅಂತರ, ಅಂದರೆ ಹಿಸ್ಟೆರಿಸಿಸ್, ಸುಮಾರು 50 ಮಿಲಿವೋಲ್ಟ್ ಮಾತ್ರ. ಮಂದ ಬಿಸಿಲಿನಲ್ಲಿ ರೇಡಿಯೋದಂಥ ಭಾರ ಚಾಲೂ ಆದೊಡನೆ ವೋಲ್ಟೇಜ್ ಕುಸಿದು, ಚಿಪ್ ಮತ್ತೆ ಮತ್ತೆ ರೀಸೆಟ್ ಆಗಬಹುದು. ಪ್ರೋಗ್ರಾಮಿನ ಆರಂಭದಲ್ಲೇ, ರೀಸೆಟ್‌ಗೆ ಕಾರಣ ತಿಳಿಸುವ `MCUSR` ರಿಜಿಸ್ಟರ್ ಓದಿ. ಅದರಲ್ಲಿ ಬ್ರೌನ್-ಔಟ್ ಸೂಚಿಸುವ `BORF` ಬಿಟ್ ಪದೇ ಪದೇ ಕಂಡರೆ ಕಾರಣ ಅದೇ. ಆಗ 3.3 ವೋಲ್ಟಿನಲ್ಲಿ ಇಡೀ ಮಂಡಲಕ್ಕೆ ವಿದ್ಯುತ್ ಕೊಟ್ಟು, 2.8ರಲ್ಲಿ ಕಡಿಯುವ ಹೊರಗಿನ ಸ್ವಿಚ್ ಹಾಕುವುದೇ ನನ್ನ ಸಲಹೆ.