ಅಮೆರಿಕದ ಕಾಲೇಜಿನ ವೇಯ್ಟ್‌ಲಿಸ್ಟ್‌ನಲ್ಲಿದ್ದೇನೆ, ಪತ್ರದಲ್ಲಿ ಏನು ಬರೆಯಬೇಕು?

"ಅಮೆರಿಕದ ಒಂದು ಕಾಲೇಜಿಗೆ ಡಿಗ್ರಿಗೆ ಅರ್ಜಿ ಹಾಕಿದ್ದೆ. ಮಾರ್ಚ್ ಕೊನೆಗೆ ವೇಯ್ಟ್‌ಲಿಸ್ಟ್ ಅಂತ ಬಂತು. ಲೆಟರ್ ಆಫ್ ಕಂಟಿನ್ಯೂಡ್ ಇಂಟರೆಸ್ಟ್, ಅಂದ್ರೆ ಈಗಲೂ ಆಸಕ್ತಿ ಇದೆ ಅಂತ ಹೇಳೋ ಪತ್ರ, ಕಳಿಸು ಅಂತ ಎಲ್ಲರೂ ಹೇಳ್ತಿದ್ದಾರೆ. ಅರ್ಜಿ ಹಾಕಿದ ಮೇಲೆ ಸಿಕ್ಕ ಸರ್ಟಿಫಿಕೇಟ್ ಎಲ್ಲಾ ಸೇರಿಸಬಹುದಾ? ಎಷ್ಟು ಉದ್ದ ಇರಬೇಕು? ನಾನು ಸೆಕೆಂಡ್ ಪಿಯುಸಿ, ಸೈನ್ಸ್."

ಒಂದು ಪುಟ ಸಾಕು. ಸರ್ಟಿಫಿಕೇಟ್ ಎಲ್ಲಾ ಬೇಡ. ಆದರೆ ಪತ್ರಕ್ಕೆ ಕೂರುವ ಮುಂಚೆ ಕಾಲೇಜಿನ ಪೋರ್ಟಲ್ ತೆರೆದು ನೋಡಿ. "ವೇಯ್ಟ್‌ಲಿಸ್ಟ್‌ನಲ್ಲಿ ಉಳಿಯಲು ಒಪ್ಪಿಗೆ ಇದೆಯೇ" ಎಂದು ಕೇಳುವ ಒಂದು ಫಾರ್ಮ್ ಇರುತ್ತದೆ, ಅದಕ್ಕೊಂದು ಕೊನೇ ದಿನವೂ ಇರುತ್ತದೆ. ಅದನ್ನು ತುಂಬದೆ ಎಷ್ಟು ಚಂದದ ಪತ್ರ ಕಳಿಸಿದರೂ ನಿಮ್ಮ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ಹೊಸ ಮಾಹಿತಿ ಕಳಿಸಬಹುದೋ ಇಲ್ಲವೋ ಎನ್ನುವುದನ್ನೂ ಸಾಮಾನ್ಯವಾಗಿ ಅಲ್ಲೇ ಹೇಳಿರುತ್ತಾರೆ. ಕೆಲವು ಕಡೆ ಪತ್ರ ಅಪ್‌ಲೋಡ್ ಮಾಡಲು ಜಾಗ ಇರುತ್ತದೆ. ಕೆಲವು ಕಡೆ ಇಷ್ಟೇ ಪದ ಎಂದು ಅಳತೆ ಇಟ್ಟ ಒಂದು ಬಾಕ್ಸ್ ಇರುತ್ತದೆ. ಇನ್ನು ಕೆಲವರು ಏನನ್ನೂ ಕಳಿಸಬೇಡಿ ಎಂದೇ ಬರೆದಿರುತ್ತಾರೆ. ಹಾಗೆ ಬರೆದಿದ್ದರೆ ಸುಮ್ನೆ ಇದ್ದುಬಿಡಿ. ಹೇಳಿದ ಮಾತು ಕೇಳದವರು ಎಂದು ಫೈಲ್‌ನಲ್ಲಿ ಗುರುತಾಗುವುದರಿಂದ ಯಾರಿಗೆ ಲಾಭ?

ನಾನು ಬೆಂಗಳೂರಿನಲ್ಲಿ ಹೊರದೇಶದ ಅರ್ಜಿಗಳಿಗೆ ಸಹಾಯ ಮಾಡುವ ಕೌನ್ಸೆಲರ್. ಪ್ರತಿ ಏಪ್ರಿಲ್‌ನಲ್ಲೂ ಇಂಥ ಪತ್ರಗಳು ನನ್ನ ಮೇಜಿಗೆ ಬರುತ್ತವೆ. ಬಹುತೇಕ ಎಲ್ಲವೂ ಅರ್ಜಿಯ ಪ್ರಬಂಧವನ್ನೇ ಇನ್ನೊಮ್ಮೆ ಬರೆದ ಹಾಗಿರುತ್ತವೆ. ಆದರೆ ಅದನ್ನು ಓದುವವರು ಯಾರು ಎಂದು ಯೋಚಿಸಿ. ದೊಡ್ಡ ಕಾಲೇಜುಗಳಲ್ಲಿ ಒಂದೊಂದು ಪ್ರದೇಶಕ್ಕೆ ಒಬ್ಬ ಅಡ್ಮಿಷನ್ ಆಫೀಸರ್ ಇರುತ್ತಾರೆ. ಭಾರತದ ಫೈಲ್‌ಗಳನ್ನು ನೋಡುವವರು ನಿಮ್ಮ ಫೈಲ್ ಆಗಲೇ ಓದಿದ್ದಾರೆ, ಇಷ್ಟವೂ ಪಟ್ಟಿರುತ್ತಾರೆ. ಇಲ್ಲದಿದ್ದರೆ ನೇರವಾಗಿ ಇಲ್ಲ ಎಂದೇ ಬರುತ್ತಿತ್ತು. ಮೇ 1ಕ್ಕೆ ಸೀಟು ಒಪ್ಪಿಕೊಳ್ಳುವ ಗಡುವು ಮುಗಿದ ಮೇಲೆ ಎಷ್ಟು ಜನ ಹಣ ಕಟ್ಟಿದರು ಎಂದು ಕಾಲೇಜು ಲೆಕ್ಕ ಹಾಕುತ್ತದೆ. ಕಡಿಮೆ ಬಿದ್ದರೆ ಮಾತ್ರ ವೇಯ್ಟ್‌ಲಿಸ್ಟ್ ತೆರೆಯುತ್ತದೆ. ಯಾವ ವಿಭಾಗದಲ್ಲಿ ಸೀಟು ಉಳಿದಿದೆ ಎನ್ನುವುದೂ ಆಗಲೇ ಗೊತ್ತಾಗುವುದು. ಆಗ ಆ ಆಫೀಸರ್ ನಿಮ್ಮ ಫೈಲ್ ಮತ್ತೆ ತೆಗೆದು, "ಈ ಹುಡುಗಿಯ ಬಗ್ಗೆ ಜನವರಿಯಲ್ಲಿ ಒಂದು ಅನುಮಾನ ಇತ್ತು, ಈಗ ಅದಕ್ಕೆ ಉತ್ತರ ಸಿಕ್ಕಿದೆ, ಕರೆದರೆ ಖಂಡಿತ ಬರುತ್ತಾಳೆ" ಎಂದು ಹೇಳುವಂತಾಗಬೇಕು. ಪತ್ರದಿಂದ ಆಗಬೇಕಾದ ಕೆಲಸ ಇಷ್ಟೇ.

ಹಾಗಾಗಿ ಮೊದಲು ನಿಮ್ಮ ಫೈಲ್‌ನ ಕೊರತೆ ಯಾವುದು ಎಂದು ನೀವೇ ಹುಡುಕಿ. ಒಂದು ಉದಾಹರಣೆ ಹೇಳುತ್ತೇನೆ.

ಹಾಸನದ ಕಡೆಯ ಒಬ್ಬ ಹುಡುಗಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಪಿಯುಸಿಗೆ ಸೈನ್ಸ್. ಫಸ್ಟ್ ಪಿಯುಸಿಯಲ್ಲಿ ಮಾರ್ಕ್ಸ್ ಬಿದ್ದಿತ್ತು. ಇಂಗ್ಲಿಷ್‌ಗೆ ಒಗ್ಗಿಕೊಳ್ಳಲು ಆ ವರ್ಷ ಹೋಗಿತ್ತು, ನಮ್ಮಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಅಮೆರಿಕದಲ್ಲಿ ಕೂತು ಫೈಲ್ ಓದುವವರಿಗೆ ಕಾಣುವುದು ಒಂದು ಇಳಿತ ಮಾತ್ರ. ಅರ್ಜಿಯಲ್ಲಿ ಇನ್ನೊಂದು ಸಾಲಿತ್ತು: ಶನಿವಾರ ಊರಿನ ಸರ್ಕಾರಿ ಹೈಸ್ಕೂಲಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ, ಅಂತ. ಅಷ್ಟೇ. ಏನು ಹೇಳಿಕೊಡುತ್ತಾಳೆ, ಅದರಿಂದ ಏನಾಯಿತು, ಒಂದೂ ಇಲ್ಲ.

ಅವಳು ಬರೆದು ತಂದ ಪತ್ರ ಎರಡು ಪುಟ ಮೀರಿತ್ತು. ಮೊದಲ ಪ್ಯಾರಾ ಕಾಲೇಜಿನ ಗುಣಗಾನ. ಆಮೇಲೆ ಆನ್‌ಲೈನ್ ಕೋರ್ಸ್‌ಗಳ ಸರ್ಟಿಫಿಕೇಟ್, ಒಂದು ವೆಬಿನಾರ್, ಭಾಗವಹಿಸಿದ್ದಕ್ಕೆ ಕೊಟ್ಟ ಪ್ರಬಂಧ ಸ್ಪರ್ಧೆಯ ಪ್ರಮಾಣಪತ್ರ, ಏಪ್ರಿಲ್‌ನಲ್ಲಿ ಹೊಸದಾಗಿ ಸೇರಿಕೊಂಡ ಒಂದು ಸೇವಾ ಸಂಸ್ಥೆ. ಕೊನೆಯದನ್ನು ನಾನು ಮೊದಲು ಹೊಡೆದು ಹಾಕಿದೆ. ವೇಯ್ಟ್‌ಲಿಸ್ಟ್ ಬಂದ ಮಾರನೇ ವಾರ ಶುರುವಾದ ಸಮಾಜಸೇವೆ ಯಾಕೆ ಶುರುವಾಯಿತು ಎಂದು ಓದುವವರಿಗೆ ತಕ್ಷಣ ತಿಳಿಯುತ್ತದೆ. ಕೋರ್ಸು, ವೆಬಿನಾರ್ ಕೂಡ ಹೋದವು. ದುಡ್ಡು ಕಟ್ಟಿದವರಿಗೆಲ್ಲ ಸಿಗುವ ಕಾಗದದಿಂದ ನಿಮ್ಮ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ.

ಉಳಿದದ್ದು ಎರಡೇ ವಿಷಯ.

ಒಂದು, ಸೆಕೆಂಡ್ ಪಿಯುಸಿ ಫಲಿತಾಂಶ. ಅದು ಏಪ್ರಿಲ್‌ನಲ್ಲಿ ಬಂದಿತ್ತು, ಅರ್ಜಿ ಹಾಕುವಾಗ ಇದ್ದದ್ದು ಕಾಲೇಜಿನ ಪರೀಕ್ಷೆಗಳ ಅಂಕ ಮಾತ್ರ. 600ಕ್ಕೆ 571, ಗಣಿತದಲ್ಲಿ 100ಕ್ಕೆ 99. ಬರೀ ಅಂಕ ಬರೆದರೆ ಸಾಲದು, ಏಕೆಂದರೆ ಓದುವವರಿಗೆ ಸಂಬಂಧ ಕಾಣಬೇಕು. ನಾವು ಬರೆದದ್ದು ಹೀಗೆ (ಪತ್ರ ಇಂಗ್ಲಿಷ್‌ನಲ್ಲಿತ್ತು, ಸಾರ ಇದು): "ಹತ್ತನೇ ತರಗತಿವರೆಗೆ ನಾನು ಓದಿದ್ದು ಕನ್ನಡದಲ್ಲಿ. ಹನ್ನೊಂದನೇ ತರಗತಿಯಲ್ಲಿ ಎಲ್ಲ ವಿಷಯ ಒಮ್ಮೆಗೇ ಇಂಗ್ಲಿಷ್‌ಗೆ ಬದಲಾಯಿತು, ನನ್ನ ಅಂಕಗಳಲ್ಲಿ ಅದು ಕಾಣುತ್ತದೆ. ರಾಜ್ಯ ಮಂಡಳಿಯ ಅಂತಿಮ ಪರೀಕ್ಷೆಯ ಫಲಿತಾಂಶ ಈ ತಿಂಗಳು ಬಂದಿದೆ: 600ಕ್ಕೆ 571." ಇದರಲ್ಲಿ ಅಳು ಇಲ್ಲ, ಸಬೂಬು ಇಲ್ಲ. ಜೊತೆಗೆ ಆನ್‌ಲೈನ್ ಫಲಿತಾಂಶದ ಪ್ರಿಂಟ್ ತೆಗೆದು, ಪ್ರಿನ್ಸಿಪಾಲರ ಸಹಿ, ಸೀಲು ಹಾಕಿಸಿ ಸ್ಕ್ಯಾನ್ ಮಾಡಿ ಹಾಕಿದೆವು. ಮೂಲ ಅಂಕಪಟ್ಟಿ ಆಮೇಲೆ ಕೊಟ್ಟರಾಯಿತು.

ಎರಡು, ಆ ಶನಿವಾರದ ಪಾಠ. ಅದರ ಬಗ್ಗೆ ಅವಳನ್ನು ಕೂರಿಸಿಕೊಂಡು ಕೇಳಿದೆ. ಹತ್ತನೇ ತರಗತಿ ಮಕ್ಕಳು ತ್ರಿಕೋನಮಿತಿಯ ಲೆಕ್ಕದಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದರಂತೆ. ಸೂತ್ರ ಬಾಯಿಗೆ ಬರುತ್ತದೆ, ಆದರೆ ಪ್ರಶ್ನೆ ಓದಿ ಚಿತ್ರ ಬರೆಯಲು ಬರುವುದಿಲ್ಲ. ಇವಳು ಅವರನ್ನು ಶಾಲೆಯ ಹಿಂದಿನ ತೆಂಗಿನ ಮರದ ಹತ್ತಿರ ಕರೆದುಕೊಂಡು ಹೋಗಿ, ಒಂದು ಕೋಲು ನೆಟ್ಟು, ಕೋಲಿನ ನೆರಳು, ಮರದ ನೆರಳು ಎರಡನ್ನೂ ಟೇಪಿನಲ್ಲಿ ಅಳೆಸಿ ಮರದ ಎತ್ತರ ಲೆಕ್ಕ ಹಾಕಿಸಿದ್ದಳು. ಆಮೇಲೆ ಊರಿನಲ್ಲೇ ಕಾಣುವ ವಸ್ತುಗಳನ್ನು ಇಟ್ಟುಕೊಂಡು ಕನ್ನಡದಲ್ಲಿ ಲೆಕ್ಕಗಳ ಒಂದು ಸಣ್ಣ ಪುಸ್ತಕ ಕೈಯಲ್ಲೇ ಬರೆದಳು. ಫೆಬ್ರವರಿಯಲ್ಲಿ ಪಕ್ಕದ ಊರಿನ ಹೈಸ್ಕೂಲಿನವರು ಅದನ್ನು ಜೆರಾಕ್ಸ್ ಮಾಡಿಸಿಕೊಂಡರು. ಇಷ್ಟೆಲ್ಲ ಇದ್ದೂ ಅವಳ ಮೊದಲ ಪತ್ರದಲ್ಲಿ ಇದರ ಸುದ್ದಿಯೇ ಇರಲಿಲ್ಲ, "ಇದಕ್ಕೆ ಸರ್ಟಿಫಿಕೇಟ್ ಇಲ್ವಲ್ಲ ಸರ್" ಅಂದಳು. ಪತ್ರದ ಅತಿ ಉದ್ದದ ಪ್ಯಾರಾ ಕೊನೆಗೆ ಇದೇ ಆಯಿತು.

ನಿಮ್ಮ ವಿಷಯದಲ್ಲೂ ಹೀಗೇ ನೋಡಿ. ಅರ್ಜಿಯಲ್ಲಿ ಒಂದು ಸಾಲಾಗಿ ಉಳಿದ ಕೆಲಸ ಜನವರಿಯ ಮೇಲೆ ಮುಂದುವರಿದಿದ್ದರೆ, ಅದಕ್ಕೆ ಹೊಸ ಪ್ರಶಸ್ತಿಗಿಂತ ಜಾಸ್ತಿ ಬೆಲೆ. ಜೆಇಇ ಮೇನ್ ಪರ್ಸೆಂಟೈಲ್ ಚೆನ್ನಾಗಿದ್ದರೆ ಒಂದು ಸಾಲು ಸೇರಿಸಿ, ಅದು ಯಾವ ಪರೀಕ್ಷೆ ಎನ್ನುವುದನ್ನೂ ಅದೇ ಸಾಲಿನಲ್ಲಿ ಹೇಳಿ.

ಇನ್ನು "ಸೀಟು ಕೊಟ್ಟರೆ ಖಂಡಿತ ಸೇರುತ್ತೇನೆ" ಎನ್ನುವ ವಾಕ್ಯ. ಪತ್ರದ ಮೊದಲ ಪ್ಯಾರಾದಲ್ಲೇ ಇದು ಬರಲಿ, ಆದರೆ ಒಂದೇ ಒಂದು ಕಾಲೇಜಿಗೆ, ಅದೂ ನಿಜ ಇದ್ದರೆ ಮಾತ್ರ. ವೇಯ್ಟ್‌ಲಿಸ್ಟ್‌ನಿಂದ ಕರೆಯುವಾಗ ಕರೆದವರು ಬರುತ್ತಾರಾ ಎನ್ನುವುದೇ ಅವರಿಗೆ ದೊಡ್ಡ ಚಿಂತೆ. ಎರಡು ಮೂರು ಕಡೆ ವೇಯ್ಟ್‌ಲಿಸ್ಟ್ ಆಗಿದ್ದರೆ ಉಳಿದವರಿಗೆ "ನನಗೆ ಈಗಲೂ ತುಂಬಾ ಆಸಕ್ತಿ ಇದೆ" ಎಂದು ಬರೆಯಿರಿ. ಅದು ಸುಳ್ಳೂ ಅಲ್ಲ, ಭಾಷೆ ಕೊಟ್ಟ ಹಾಗೂ ಅಲ್ಲ. ಯಾಕೆ ಈ ಕಾಲೇಜು ಎನ್ನುವುದಕ್ಕೆ ರ‍್ಯಾಂಕಿಂಗ್ ಹೇಳಬೇಡಿ. ನೀವು ಮಾಡುತ್ತಿರುವ ಕೆಲಸಕ್ಕೂ ಅಲ್ಲಿನ ಒಂದು ಕೋರ್ಸಿಗೂ ಇರುವ ನಂಟನ್ನು ಎರಡು ವಾಕ್ಯದಲ್ಲಿ ಹೇಳಿದರೆ ಸಾಕು.

ದುಡ್ಡಿನ ವಿಷಯ ಮನೆಯಲ್ಲಿ ಈಗಲೇ ಮಾತಾಡಿ. ಕಾಲೇಜು ಸಹಾಯಧನ ಕೊಡಲಿ ಎಂದು ಕೇಳಿದ್ದರೆ ವೇಯ್ಟ್‌ಲಿಸ್ಟ್‌ನಲ್ಲಿ ದಾರಿ ಇನ್ನಷ್ಟು ಕಿರಿದಾಗುತ್ತದೆ. ಮೊದಲ ಸುತ್ತಿನಲ್ಲಿ ಹಣದ ಅಗತ್ಯ ನೋಡದ ಕೆಲವು ಕಾಲೇಜುಗಳೂ ಈ ಹಂತದಲ್ಲಿ ನೋಡುತ್ತವೆ. ಹಾಗೆಂದು ಪತ್ರದಲ್ಲಿ "ನಮಗೆ ಸಹಾಯ ಬೇಡ" ಎಂದು ಸುಮ್ಮನೆ ಬರೆದು, ಜುಲೈನಲ್ಲಿ ಕಷ್ಟಕ್ಕೆ ಸಿಕ್ಕಿಕೊಳ್ಳಬೇಡಿ. ನಿಜವಾಗಿ ಪರಿಸ್ಥಿತಿ ಬದಲಾಗಿದ್ದರೆ ಮಾತ್ರ ಹೇಳಿ.

ಎಷ್ಟು ಆಸೆ ಇಟ್ಟುಕೊಳ್ಳಬೇಕು ಎಂದು ತಿಳಿಯಲು ಕಾಲೇಜಿನ ಹೆಸರಿನ ಜೊತೆ Common Data Set ಎಂದು ಹುಡುಕಿ. ಅದು ಕಾಲೇಜಿನ ಪ್ರವೇಶ ಮುಂತಾದವುಗಳ ಅಂಕಿಅಂಶ, ಪ್ರಕಟಿಸುವ ಕಾಲೇಜುಗಳದ್ದು ಪಿಡಿಎಫ್ ಸಿಗುತ್ತದೆ. ಅದರ C2 ಭಾಗದಲ್ಲಿ ಆ ವರ್ಷ ಎಷ್ಟು ಜನರಿಗೆ ವೇಯ್ಟ್‌ಲಿಸ್ಟ್ ಕೊಟ್ಟರು, ಎಷ್ಟು ಜನ ಒಪ್ಪಿದರು, ಎಷ್ಟು ಜನರಿಗೆ ಕೊನೆಗೆ ಸೀಟು ಸಿಕ್ಕಿತು ಎಂದು ಇರುತ್ತದೆ. ಮೂರು ನಾಲ್ಕು ವರ್ಷದ್ದನ್ನು ಒಟ್ಟಿಗೆ ನೋಡಿ, ಏಕೆಂದರೆ ಒಂದು ವರ್ಷ ನೂರಾರು ಜನರನ್ನು ಕರೆದ ಕಾಲೇಜು ಮರುವರ್ಷ ಒಬ್ಬರನ್ನೂ ಕರೆಯದೇ ಇರಬಹುದು. C7ರಲ್ಲಿ ಅರ್ಜಿದಾರರ ಆಸಕ್ತಿಗೆ ಬೆಲೆ ಕೊಡುತ್ತಾರಾ ಎನ್ನುವುದೂ ಸಿಗುತ್ತದೆ. ಅಲ್ಲಿ "ಪರಿಗಣಿಸುವುದಿಲ್ಲ" ಎಂದಿದ್ದರೆ ಪತ್ರದಲ್ಲಿ ಪ್ರೀತಿಯ ಮಾತು ಕಡಿಮೆ ಮಾಡಿ, ಅಂಕ ಮತ್ತು ಕೆಲಸಕ್ಕೆ ಜಾಗ ಕೊಡಿ.

ಪತ್ರ ಏಪ್ರಿಲ್ ಮುಗಿಯುವುದರೊಳಗೆ ಅಲ್ಲಿರಲಿ. ನಿಮ್ಮ ಫಲಿತಾಂಶ ಬಂದಿದ್ದರೆ ಅದನ್ನು ಸೇರಿಸಿಯೇ ಕಳಿಸಿ. ಪ್ರಿನ್ಸಿಪಾಲರೋ ಕೌನ್ಸೆಲರೋ ಎರಡು ಸಾಲು ಬೇರೆಯಾಗಿ ಬರೆದರೆ ಒಳ್ಳೆಯದು. ಆಮೇಲೆ ವಾರವಾರ ಇಮೇಲ್ ಮಾಡಬೇಡಿ. ಆ ಹುಡುಗಿ ಎರಡನೇ ಸಲ ಬರೆದದ್ದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ, ಮೂರೇ ಸಾಲು: ಪಾಠಕ್ಕೆ ಬರುತ್ತಿದ್ದ ಮಕ್ಕಳೆಲ್ಲ ಗಣಿತದಲ್ಲಿ ಪಾಸಾದರು, ಒಬ್ಬ ಹುಡುಗ ಸೈನ್ಸ್ ತೆಗೆದುಕೊಳ್ಳುತ್ತಿದ್ದಾನೆ, ನನ್ನ ಆಸಕ್ತಿ ಹಾಗೇ ಇದೆ.

ಮೇ ಕೊನೆಗೆ ಅವಳಿಗೆ ಕರೆ ಬಂತು, ರಾತ್ರಿ ಹನ್ನೊಂದರ ಮೇಲೆ. ಪತ್ರದಿಂದಲೇ ಬಂತು ಎಂದು ನಾನು ಹೇಳಲಾರೆ, ಆ ವರ್ಷ ಅಲ್ಲಿ ಸೀಟು ಉಳಿದದ್ದೂ ನಿಜ. ಉತ್ತರ ಕೊಡಲು ಎರಡು ದಿನ ಮಾತ್ರ ಇತ್ತು. ಪೋರ್ಟಲ್‌ನಲ್ಲಿರುವ ಫೋನ್ ನಂಬರ್ ಸರಿ ಇದೆಯಾ ನೋಡಿಕೊಳ್ಳಿ, ಸ್ಪ್ಯಾಮ್ ಫೋಲ್ಡರನ್ನೂ ದಿನಾ ತೆರೆಯಿರಿ. ಅಷ್ಟರಲ್ಲಿ ಅವಳು ಇನ್ನೊಂದು ಕಾಲೇಜಿಗೆ ಮೇ 1ರೊಳಗೆ ಹಣ ಕಟ್ಟಿದ್ದಳು, ಅದು ವಾಪಸ್ ಬರಲಿಲ್ಲ. ನೀವೂ ಹಾಗೇ ಒಂದು ಕಡೆ ಕಟ್ಟಲೇಬೇಕು, ವೇಯ್ಟ್‌ಲಿಸ್ಟ್ ನಂಬಿ ಬಿಟ್ಟರೆ ಎರಡೂ ಹೋಗುತ್ತವೆ. ಹಣ ಕಟ್ಟಿದ ಕಾಲೇಜಿನಿಂದ ವೀಸಾಗೆ ಬೇಕಾದ ಐ-20 ಪತ್ರ ತರಿಸಿಕೊಳ್ಳುವುದನ್ನೂ ನಿಲ್ಲಿಸಬೇಡಿ. ಕಾಲೇಜು ಬದಲಾದರೆ ಹೊಸ ಕಾಲೇಜು ಹೊಸ ಐ-20 ಕೊಡುತ್ತದೆ. ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ಸೆವಿಸ್ ವ್ಯವಸ್ಥೆಗೆ ಕಟ್ಟಿದ 350 ಡಾಲರ್ ಶುಲ್ಕವನ್ನು, ವೀಸಾ ಇನ್ನೂ ಆಗಿಲ್ಲದಿದ್ದರೆ, ಹೊಸ ಸೆವಿಸ್ ನಂಬರಿಗೆ ವರ್ಗಾಯಿಸಿಕೊಳ್ಳಬಹುದು. ವೀಸಾ ಸಂದರ್ಶನಕ್ಕೆ ಹೋಗುವಾಗ ವೀಸಾ ಅರ್ಜಿಯ ಫಾರ್ಮ್ ಡಿಎಸ್-160ಯಲ್ಲಿರುವ ಕಾಲೇಜಿನ ಹೆಸರು ಮತ್ತು ಕೈಯಲ್ಲಿರುವ ಐ-20 ಎರಡೂ ನೀವು ನಿಜವಾಗಿ ಸೇರುವ ಕಾಲೇಜಿನದ್ದೇ ಆಗಿರಬೇಕು.