ಲೀಡ್ ಸರಿಯಿಲ್ಲವೋ, ಕರೆ ತಡವಾಯಿತೋ?

ಪ್ರಶ್ನೆ: ಶಿವಮೊಗ್ಗದಲ್ಲಿ ಅಡಿಕೆ ಸುಲಿಯುವ ಯಂತ್ರ ಮಾರ್ತೀವಿ. ಫೇಸ್‌ಬುಕ್ ಜಾಹೀರಾತಿಂದ ತಿಂಗಳಿಗೆ ನೂರು ಲೀಡ್ ಬಂದ್ರೆ ಏಳೆಂಟು ಯಂತ್ರ ಹೋಗುತ್ತೆ. ಹುಡುಗರು ಲೀಡೇ ಸರಿಯಿಲ್ಲ ಅಂತಾರೆ. ನನಗೆ ಅವರು ಕರೆ ಮಾಡೋದೇ ತಡ ಅಂತ ಅನುಮಾನ. ಹೇಗೆ ಗೊತ್ತು ಮಾಡೋದು?

ಹುಡುಗರನ್ನು ಕೇಳಿ ಇದು ಗೊತ್ತಾಗುವುದಿಲ್ಲ. ಅವರು ಪುಸ್ತಕದಲ್ಲಿ ಬರೆದಿಟ್ಟ ಸಮಯವನ್ನೂ ನಂಬಬೇಡಿ, ಸಂಜೆ ಕೂತು ಒಟ್ಟಿಗೆ ತುಂಬಿದ್ದಿರುತ್ತದೆ. ಬೇಕಾದದ್ದು ಎರಡು ಸಮಯ: ಗಿರಾಕಿ ಫಾರ್ಮ್ ಕಳಿಸಿದ್ದು, ಮತ್ತು ಅಂಗಡಿಯ ಫೋನಿನಿಂದ ಆ ನಂಬರಿಗೆ ಮೊದಲ ಕರೆ ಹೋದದ್ದು. ಮೊದಲನೆಯದು ಫೇಸ್‌ಬುಕ್‌ನಿಂದ ಇಳಿಸಿಕೊಂಡ ಲೀಡ್ ಫೈಲಿನಲ್ಲಿ `created_time` ಎಂಬ ಕಾಲಮ್ಮಿನಲ್ಲಿ ಇರುತ್ತದೆ. 90 ದಿನ ದಾಟಿದ ಲೀಡ್‌ಗಳನ್ನು ಇಳಿಸಿಕೊಳ್ಳಲು ಬರುವುದಿಲ್ಲ, ಹಾಗಾಗಿ ಈ ಕೆಲಸ ಇವತ್ತೇ ಶುರುಮಾಡಿ. ಎರಡನೆಯದು ಫೋನಿನ ಕಾಲ್ ಲಾಗ್.

ಫೈಲಿನಲ್ಲಿ ನಂಬರಿನ ಮುಂದೆ `p:+91` ಎಂದಿರುತ್ತದೆ. ಎರಡೂ ಕಡೆ ಕೊನೆಯ 10 ಅಂಕಿ ಮಾತ್ರ ಉಳಿಸಿಕೊಳ್ಳಿ. ಲೀಡ್ ಹಾಳೆಯಲ್ಲಿ `created_time` ಅನ್ನು A ಕಾಲಮ್ಮಿನಲ್ಲಿ, ನಂಬರನ್ನು C ಕಾಲಮ್ಮಿನಲ್ಲಿ ಇಡಿ. ಹೊರಗೆ ಹೋದ ಕರೆಗಳನ್ನಷ್ಟೇ `calls` ಎಂಬ ಇನ್ನೊಂದು ಹಾಳೆಯಲ್ಲಿ ಹಾಕಿ: A ಯಲ್ಲಿ ನಂಬರು, B ಯಲ್ಲಿ ಸಮಯ. ಆಮೇಲೆ ಇಷ್ಟು ಸಾಕು:

```
D2: =DATEVALUE(LEFT(A2,10))+TIMEVALUE(MID(A2,12,8))
E2: =MINIFS(calls!B:B, calls!A:A, C2, calls!B:B, ">="&D2)
F2: =IF(E2=0, "", (E2-D2)*1440)
```

F ನಲ್ಲಿ ಬರುವುದು ಗಿರಾಕಿ ಎಷ್ಟು ನಿಮಿಷ ಕಾದ ಎಂಬ ಲೆಕ್ಕ. ಖಾಲಿ ಇದ್ದರೆ ಕರೆಯೇ ಹೋಗಿಲ್ಲ.

ಇಲ್ಲಿ ಒಂದು ಕಡೆ ಬಹಳ ಜನ ಎಡವುತ್ತಾರೆ. `created_time` ನ ಬಾಲ ನೋಡಿ. `+05:30` ಇದ್ದರೆ ಸರಿ. `+00:00` ಇದ್ದರೆ ಅದು ನಮ್ಮ ಗಡಿಯಾರವಲ್ಲ, D ಗೆ 330 ನಿಮಿಷ, ಅಂದರೆ ಸೂತ್ರದ ಕೊನೆಗೆ `+330/1440`, ಕೂಡಿಸಬೇಕು. ಕೂಡಿಸದಿದ್ದರೆ ತಕ್ಷಣ ಹೋದ ಕರೆಯೂ ಐದೂವರೆ ಗಂಟೆ ತಡ ಎಂದು ತೋರಿಸುತ್ತದೆ, ಹುಡುಗರು ಸುಮ್ಮನೆ ಬೈಸಿಕೊಳ್ಳುತ್ತಾರೆ. F ನಲ್ಲಿ 330ಕ್ಕಿಂತ ಕಡಿಮೆ ಅಂಕಿ ಹೆಚ್ಚುಕಡಿಮೆ ಎಲ್ಲೂ ಇಲ್ಲದಿದ್ದರೆ ತಪ್ಪು ಇದೇ.

ಇನ್ನೊಂದು ಇದಕ್ಕಿಂತ ದೊಡ್ಡದು. ತಡ ಅಳೆಯಬೇಕಾದದ್ದು ಮೊದಲ ಪ್ರಯತ್ನದವರೆಗೆ, ಮೊದಲ ಮಾತುಕತೆಯವರೆಗೆ ಅಲ್ಲ. ಆಸಕ್ತಿ ಇಲ್ಲದವನು ಫೋನ್ ಎತ್ತುವುದಿಲ್ಲ. ನಾಲ್ಕು ದಿನ ಬಿಟ್ಟು ಎತ್ತಿದರೆ ನಿಮ್ಮ ಹಾಳೆ 'ನಾಲ್ಕು ದಿನ ತಡ, ಮಾರಾಟ ಇಲ್ಲ' ಎನ್ನುತ್ತದೆ. ಅಲ್ಲಿ ತಡದಿಂದ ಗಿರಾಕಿ ಹೋದದ್ದಲ್ಲ, ಗಿರಾಕಿಗೆ ಮನಸ್ಸಿಲ್ಲದ್ದರಿಂದ ತಡವಾದದ್ದು. ಹಾಗೆಯೇ ಕರೆ ಹೋಗದ ಲೀಡ್‌ಗಳನ್ನು ಅಳಿಸಬೇಡಿ, ಅವಕ್ಕೆ ಬೇರೆ ಸಾಲು ಕೊಡಿ. ಮೊನ್ನೆ ಬಂದ ಲೀಡ್ ಇನ್ನೂ ಯೋಚನೆಯಲ್ಲೇ ಇರುತ್ತದೆ, ಆದ್ದರಿಂದ ಕನಿಷ್ಠ 45 ದಿನ ಹಳೆಯವನ್ನು ಮಾತ್ರ ತೆಗೆದುಕೊಂಡು, ಪ್ರತಿಯೊಂದಕ್ಕೂ ಮೊದಲ 45 ದಿನದೊಳಗಿನ ಮಾರಾಟವನ್ನಷ್ಟೇ ಎಣಿಸಿ.

ಈಗ ಲೆಕ್ಕ. ಅಂಕಿಗಳು ಅರ್ಥವಾಗಲೆಂದು ಇಟ್ಟುಕೊಂಡವು. ಎರಡು ತಿಂಗಳಲ್ಲಿ 200 ಲೀಡ್, 15 ಮಾರಾಟ ಅನ್ನೋಣ. 2 ಗಂಟೆಯೊಳಗೆ ಕರೆ ಹೋದದ್ದು 90ಕ್ಕೆ, ಅದರಲ್ಲಿ 11 ಯಂತ್ರ ಹೋದವು. ಆಮೇಲೆ ಕರೆ ಹೋದದ್ದು 90ಕ್ಕೆ, ಹೋದದ್ದು 4. ಕರೆಯೇ ಹೋಗದ್ದು 20, ಮಾರಾಟ ಸೊನ್ನೆ. ತಡವಾದ 90ಕ್ಕೂ ಬೇಗ ಕರೆ ಹೋಗಿದ್ದರೆ ಅಲ್ಲೂ 11 ಆಗುತ್ತಿತ್ತು, 7 ಯಂತ್ರ ಕಳೆದುಕೊಂಡೆವು ಎಂದು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ.

ನಿಲ್ಲಿಸಬಾರದು. ಹುಡುಗರು ಯಾರಿಗೆ ಮೊದಲು ಕರೆ ಮಾಡಿದರು? ಶಿವಮೊಗ್ಗ, ಭದ್ರಾವತಿಯವರಿಗೆ. ಹೊಸನಗರ, ಸಾಗರ, ತೀರ್ಥಹಳ್ಳಿಯವರನ್ನು ನಾಳೆಗೆ ಇಟ್ಟರು. ಹತ್ತಿರದವರು ಅಂಗಡಿಗೆ ಬಂದು ಯಂತ್ರ ನೋಡುತ್ತಾರೆ, ಹೇಗೂ ಹೆಚ್ಚು ಕೊಳ್ಳುತ್ತಾರೆ. ಆದ್ದರಿಂದ ಊರು ನೋಡಿ ಒಡೆಯಿರಿ:

| | ಬೇಗ ಕರೆ | ಮಾರಾಟ | ತಡ ಕರೆ | ಮಾರಾಟ |
|---|---|---|---|---|
| ಹತ್ತಿರ | 60 | 9 | 30 | 2 |
| ದೂರ | 30 | 2 | 60 | 2 |

ತಡವಾದ ಹತ್ತಿರದ 30ಕ್ಕೆ ಬೇಗ ಕರೆ ಹೋಗಿದ್ದರೆ 15% ಲೆಕ್ಕದಲ್ಲಿ 4.5, ದೂರದ 60ಕ್ಕೆ ಸುಮಾರು 6.7% ಲೆಕ್ಕದಲ್ಲಿ 4. ಒಟ್ಟು 8.5. ಆದದ್ದು 4. ಅಂದರೆ ತಡದ ಪಾಲು 7 ಅಲ್ಲ, ನಾಲ್ಕೂವರೆ. ಉಳಿದದ್ದು ಊರಿನ ದೂರದ್ದು. ನಿಮ್ಮ ಅನುಮಾನವೂ ನಿಜ, ಹುಡುಗರ ಮಾತಿನಲ್ಲೂ ಒಂದಷ್ಟು ನಿಜ ಎಂದು ಇಂಥ ಹಾಳೆ ತೋರಿಸುತ್ತದೆ. ಆದರೆ ಕೋಷ್ಟಕದಲ್ಲಿ 2 ಮಾರಾಟ ಇರುವ ಕಡೆ ಒಂದು ಹೆಚ್ಚಾದರೂ ಶೇಕಡಾವಾರು ಒಂದೂವರೆ ಪಟ್ಟಾಗುತ್ತದೆ. ಹಾಗಾಗಿ ಮಾರಾಟದ ಜೊತೆಗೆ ಎಷ್ಟು ಜನ ಡೆಮೊ ನೋಡಿದರು ಎಂಬುದನ್ನೂ ಇದೇ ರೀತಿ ಒಡೆದು ನೋಡಿ. ಅದು ಹೆಚ್ಚು ಸಲ ಆಗುವುದರಿಂದ ಚಿತ್ರ ಬೇಗ ಸ್ಪಷ್ಟವಾಗುತ್ತದೆ.

ಊರೊಂದೇ ಅಲ್ಲ, ಹುಡುಗರು ಹೆಸರು ನೋಡಿ, ತೋಟದ ಎಕರೆ ನೋಡಿಯೂ ಆರಿಸುತ್ತಾರೆ. ಅದನ್ನೆಲ್ಲ ಹಾಳೆಯಲ್ಲಿ ಒಡೆಯಲಾಗದು. ಯಾರಿಗೆ ಮೊದಲು ಎಂಬ ತೀರ್ಮಾನವನ್ನೇ ಅವರ ಕೈಯಿಂದ ತೆಗೆದುಬಿಡಿ. ರಾತ್ರಿ ಊಟ ಮುಗಿಸಿ ಫಾರ್ಮ್ ತುಂಬಿದವರ ಲೀಡ್ ಬೆಳಿಗ್ಗೆ ರಾಶಿ ಬಿದ್ದಿರುತ್ತದಲ್ಲ, ಅದರಲ್ಲಿ ನಂಬರಿನ ಕೊನೆಯ ಅಂಕಿ ಸಮ ಇದ್ದವರಿಗೆ ಮೊದಲು, ಬೆಸದವರಿಗೆ ಆಮೇಲೆ. ಯಾರನ್ನೂ ಬೇಕೆಂದು ಕಾಯಿಸಿದಂತಾಗುವುದಿಲ್ಲ, ಸಾಲು ಹೇಗೂ ಇದ್ದೇ ಇದೆ. ಕೊನೆಯ ಅಂಕಿಗೂ ಕೊಳ್ಳುವ ಮನಸ್ಸಿಗೂ ಸಂಬಂಧವಿಲ್ಲ, ಆದ್ದರಿಂದ ಆಮೇಲೆ ಕಾಣುವ ವ್ಯತ್ಯಾಸವನ್ನು ತಡದ್ದೇ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಎರಡು ಗುಂಪಿನ ನಡುವೆ ನಿಜವಾಗಿ ಎಷ್ಟು ಅಂತರ ಬಿತ್ತು ಎಂದು F ನಲ್ಲಿ ನೋಡಿ. ಎಂಟರ ಬದಲು ಒಂಬತ್ತು ಗಂಟೆಗೆ ಕರೆ ಹೋದದ್ದಾದರೆ ರಾತ್ರಿಯಿಡೀ ಕಾದವರಿಬ್ಬರನ್ನು ಹೋಲಿಸಿದಂತಾಯಿತು, ಅದರಿಂದ ಏನೂ ತಿಳಿಯುವುದಿಲ್ಲ. ಹಾಗೆಂದು ಬೆಸದವರನ್ನು ಇನ್ನೂ ತಡಮಾಡಲೂ ಬರುವುದಿಲ್ಲ: ಬೆಳಿಗ್ಗೆ ಹೊತ್ತೇರಿದ ಮೇಲೆ ಗಿರಾಕಿ ತೋಟದಲ್ಲಿರುತ್ತಾನೆ, ಅಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಫಲ ಬೇಕಿದ್ದರೆ ಒಬ್ಬ ಹುಡುಗನನ್ನು ರಾತ್ರಿ ಒಂಬತ್ತರವರೆಗೆ ಫೋನಿನ ಹತ್ತಿರ ಕೂರಿಸಿ, ಸಮ ಅಂಕಿಯವರಿಗೆ ಆಗಲೇ ಕರೆ ಮಾಡಿಸಿ. ಬೆಸದವರು ಈಗಿನಂತೆಯೇ ಬೆಳಿಗ್ಗೆಗೆ ಇರಲಿ.

ಬಿಲ್ಲಿನಲ್ಲಿ ಒಂದು ಎಚ್ಚರ. ಬೆಂಗಳೂರಿನಲ್ಲಿರುವ ಮಗ ಫಾರ್ಮ್ ತುಂಬುತ್ತಾನೆ, ಯಂತ್ರ ಒಯ್ಯುವುದು ಅಪ್ಪ, ಬಿಲ್ಲು ಅಪ್ಪನ ಹೆಸರಿಗೆ ಮತ್ತು ನಂಬರಿಗೆ. ಹಾಳೆಯಲ್ಲಿ ಆ ಲೀಡ್ ಸತ್ತಂತೆ ಕಾಣುತ್ತದೆ. ಬಿಲ್ಲು ಮಾಡುವಾಗ 'ಮೊಬೈಲಲ್ಲಿ ಫಾರ್ಮ್ ತುಂಬಿದ್ದು ಯಾರು, ಅವರ ನಂಬರ್ ಹೇಳಿ' ಎಂದು ಕೇಳಿ ಬರೆದುಕೊಳ್ಳಿ.

ಪ್ರಶ್ನೆ: ಫಾರ್ಮ್ ತುಂಬಿದ ತಕ್ಷಣ ವಾಟ್ಸಾಪ್ ಆಟೋ ಮೆಸೇಜ್ ಹೋಗುತ್ತೆ. ಅದನ್ನೇ ಮೊದಲ ಉತ್ತರ ಅಂತ ಹಿಡೀಬಹುದಾ?

ಹಿಡಿಯಬಾರದು. ಎಲ್ಲರ ತಡವೂ ಸೊನ್ನೆಯಾದರೆ ಹೋಲಿಸಲು ಏನು ಉಳಿಯುತ್ತದೆ?

ಪ್ರಶ್ನೆ: ಅಂಗಡಿ ಮುಚ್ಚಿದ್ದ ಹೊತ್ತನ್ನ ಕಳೆದು ಲೆಕ್ಕ ಹಾಕ್ತೀವಿ. ಸರಿ ತಾನೆ?

ಹುಡುಗರ ಕೆಲಸ ಅಳೆಯಲು ಸರಿ. ಗಿರಾಕಿ ಕಾದದ್ದನ್ನು ಅಳೆಯಲು ತಪ್ಪು.

ಪ್ರಶ್ನೆ: 5 ನಿಮಿಷದಲ್ಲಿ ಕರೆ ಮಾಡಿದ್ರೆ ಮಾರಾಟ 21 ಪಟ್ಟು ಅಂತ ಏಜೆನ್ಸಿಯವರು ಹೇಳಿ ಸಾಫ್ಟ್‌ವೇರ್ ಮಾರ್ತಿದಾರೆ. ನಿಜವಾ?

ಆ 21 ಪಟ್ಟು 2007ರ ಒಂದು ಅಮೆರಿಕನ್ ಅಧ್ಯಯನದ್ದು. ಅದು ಹೇಳಿದ್ದು ಮಾರಾಟದ ಮಾತಲ್ಲ. 30 ನಿಮಿಷಕ್ಕೆ ಹೋಲಿಸಿದರೆ 5 ನಿಮಿಷದೊಳಗಿನ ಕರೆಯಲ್ಲಿ ಲೀಡ್ ಕೊಳ್ಳಬಲ್ಲ ಗಿರಾಕಿ ಎಂದು ಖಚಿತವಾಗುವ ಸಾಧ್ಯತೆಯ ಮಾತು. ಅದನ್ನು ಮಾರಾಟ ಎಂದು ತಿರುಚಿ ಹೇಳುವವರಿಂದ ಸಾಫ್ಟ್‌ವೇರ್ ಕೊಳ್ಳಬೇಡಿ. ಮೇಲಿನ ಹಾಳೆಯನ್ನು ಎರಡು ತಿಂಗಳು ನಡೆಸಿ, ನಿಮ್ಮ ಅಂಗಡಿಯಲ್ಲಿ ಎಷ್ಟು ಪಟ್ಟು ಎಂದು ನೀವೇ ಅವರಿಗೆ ತೋರಿಸಿ.